ಕೋಚ್ ಜೊತೆಗಿನ ಫೋಟೊ, ಅದರ ಕೆಳಗಿನ ನಾಲ್ಕು ಸಾಲು

ಜಿಲ್ಲಾ ಮಟ್ಟದ ಬ್ಯಾಡ್ಮಿಂಟನ್ ಟೂರ್ನಿ ಮುಗಿದ ಸಂಜೆ ಮಕ್ಕಳ ಮೊಬೈಲುಗಳಲ್ಲಿ ಒಂದೇ ಥರದ ಚಿತ್ರ ಏರುತ್ತದೆ: ಕೊರಳಲ್ಲಿ ಪದಕ, ಕೈಯಲ್ಲಿ ಸರ್ಟಿಫಿಕೇಟು, ಪಕ್ಕದಲ್ಲಿ ಟ್ರ್ಯಾಕ್ ಸೂಟಿನ ಕೋಚ್. ಚಿತ್ರ ತೆಗೆಯಲು ಅರೆ ನಿಮಿಷ ಸಾಕು. ಅದರ ಕೆಳಗೆ ಏನು ಬರೆಯಬೇಕು ಎನ್ನುವುದಕ್ಕೆ ಮಾತ್ರ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತಾರೆ. ನನ್ನ ಅಕ್ಕನ ಮಗಳಿಗೆ ಹದಿನಾಲ್ಕು. 15 ವರ್ಷದೊಳಗಿನವರ ವಿಭಾಗದಲ್ಲಿ ಈ ಸಲ ಸೆಮಿಫೈನಲ್ ತನಕ ಬಂದಳು. ಅವಳು ಬರೆದಿಟ್ಟುಕೊಂಡಿದ್ದ ಸಾಲುಗಳು ಹೀಗಿದ್ದವು: ‘ನನ್ನ ದ್ರೋಣಾಚಾರ್ಯ, ನನ್ನ ಎರಡನೇ ತಂದೆ. ನೀವಿಲ್ಲದಿದ್ದರೆ ನಾನು ಏನೂ ಅಲ್ಲ. ಪ್ರತಿ ಪಾಯಿಂಟಿನಲ್ಲೂ ನನ್ನ ಜೊತೆ ನಿಂತ ವಿಶ್ವದ ಅತ್ಯುತ್ತಮ ಕೋಚ್‌ಗೆ ಕೋಟಿ ನಮನ.’ ಅವಳ ಅಣ್ಣ ಇದನ್ನು ಓದಿ ಮುಖ ಸಿಂಡರಿಸಿ ತಾನೊಂದು ಬರೆದುಕೊಟ್ಟ: ‘ಸೆಮಿಫೈನಲ್. ಕೋಚ್ ಜೊತೆ. ಥ್ಯಾಂಕ್ಸ್ ಸರ್.’

ಇವೆರಡರಲ್ಲಿ ಯಾವುದು ಸರಿ ಎಂದು ಅವಳು ನನ್ನನ್ನು ಕೇಳಿದಳು. ನಾನು ಹಲವು ವರ್ಷ ಆಡಿದವಳು, ಈಗ ಇಂಥ ಟೂರ್ನಿಗಳಲ್ಲಿ ಅಂಪೈರ್ ಕುರ್ಚಿಯಲ್ಲಿ ಕೂರುವವಳು. ಎರಡರ ಹಿಂದೆಯೂ ನ್ಯಾಯವಾದ ಕಾರಣಗಳಿವೆ ಎಂದೇ ನನಗೆ ಅನಿಸುತ್ತದೆ.

ಮೊದಲು ಹುಡುಗಿಯ ಪರವಾಗಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಬ್ಯಾಡ್ಮಿಂಟನ್ ಕಲಿಸುವವರ ಬದುಕು ಹೊರಗಿನವರಿಗೆ ಕಾಣುವುದಿಲ್ಲ. ಬೆಳಗ್ಗೆ ಶಾಲೆಗೆ ಮುಂಚೆ ಒಂದು ಬ್ಯಾಚು, ಸಂಜೆ ಶಾಲೆ ಬಿಟ್ಟ ಮೇಲೆ ಎರಡು ಬ್ಯಾಚು. ನಡುವೆ ಒಳಾಂಗಣದ ಬಾಡಿಗೆ, ಶಟಲಿನ ಖರ್ಚು, ಟೂರ್ನಿಯ ಎಂಟ್ರಿ, ಹೊರ ಊರಿಗೆ ಮಕ್ಕಳನ್ನು ಕರೆದೊಯ್ಯುವ ಜವಾಬ್ದಾರಿ. ಗರಿಯ ಶಟಲು ಬಹಳ ಬೇಗ ಹಾಳಾಗುತ್ತದೆ. ಹದಿನಾರು ಗರಿಗಳಲ್ಲಿ ಒಂದು ಮುರಿದರೂ ಅದರ ಹಾರಾಟ ಕೆಡುತ್ತದೆ. ಪಂದ್ಯದಲ್ಲಿ ಸವೆದ ಶಟಲುಗಳನ್ನು ಕೂಡಿಟ್ಟು, ಒಂದರ ಹಿಂದೊಂದು ಎಸೆದು ಅಭ್ಯಾಸ ಮಾಡಿಸುವ ಮಲ್ಟಿ ಶಟಲ್ ಪಾಠಕ್ಕೆ ಬಳಸುವ ಕೋಚ್‌ಗಳನ್ನು ನಾನು ನೋಡಿದ್ದೇನೆ. ಇವರ ಆದಾಯ ನಿಂತಿರುವುದು ಹೆಸರಿನ ಮೇಲೆ. ಹೊಸದಾಗಿ ಮಗುವನ್ನು ಸೇರಿಸಬೇಕೆಂದಿರುವ ತಾಯಿ ತಂದೆ ಇಂಥ ಫೋಟೊಗಳನ್ನೇ ನೋಡಿ ವಿಚಾರಿಸುತ್ತಾರೆ. ಹಾಗಾಗಿ ಮಗು ಬರೆಯುವ ನಾಲ್ಕು ಒಳ್ಳೆಯ ಮಾತು ಕೋಚ್‌ಗೆ ನಿಜವಾದ ಉಪಕಾರ.

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಕಲಿಸಿದವರ ಕಾಲಿಗೆ ಬೀಳುವುದು ಅಭ್ಯಾಸ. ಪಂದ್ಯಕ್ಕೆ ಇಳಿಯುವ ಮುಂಚೆ ಅಂಕಣವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮಕ್ಕಳಿದ್ದಾರೆ. ಆ ಭಕ್ತಿ ಸುಳ್ಳಲ್ಲ. ಅಂಥ ಮಗು ‘ಕೋಚ್ ಜೊತೆ. ಥ್ಯಾಂಕ್ಸ್ ಸರ್’ ಎಂದಷ್ಟೇ ಬರೆದರೆ ಅದು ಸಂಯಮದ ಹಾಗೆ ಕಾಣುವುದಿಲ್ಲ, ತಾತ್ಸಾರದ ಹಾಗೆ ಕಾಣುತ್ತದೆ. ಅದೇ ಅಕಾಡೆಮಿಯ ಉಳಿದ ಮಕ್ಕಳು ಉದ್ದುದ್ದ ಬರೆದಿರುವಾಗ ಇವಳೊಬ್ಬಳದು ಮೂರು ತುಂಡು ಮಾತು ಎಂದಾದರೆ ಕೋಚ್ ಮನಸ್ಸಿಗೆ ನಾಟದೇ ಇರಲಾರದು. ದೊಡ್ಡವರು ‘ಅತಿ ಹೊಗಳಬೇಡ’ ಎಂದು ಸಲೀಸಾಗಿ ಹೇಳುತ್ತೇವೆ. ಆ ಮಗು ನಾಳೆ ಬೆಳಗ್ಗೆ ಅದೇ ಅಂಕಣಕ್ಕೆ ಹೋಗಿ ಅದೇ ಸರ್ ಮುಂದೆ ನಿಲ್ಲಬೇಕು.

ಅಣ್ಣನ ಕಡೆಯ ವಾದವೂ ಹಗುರವಲ್ಲ. ಅದನ್ನು ತೂಗುವುದಕ್ಕೆ ಆ ಹುಡುಗಿಯ ಕ್ವಾರ್ಟರ್ ಫೈನಲ್ ಪಂದ್ಯವನ್ನೇ ಬಿಡಿಸಿ ನೋಡಬೇಕು. ಅವಳು ಗೆದ್ದದ್ದು 17–21, 21–15, 21–18ರಿಂದ. ಮೂರನೇ ಗೇಮಿನಲ್ಲಿ ಒಂದು ಹಂತದಲ್ಲಿ 7–11ರಿಂದ ಹಿಂದಿದ್ದಳು. ಬ್ಯಾಡ್ಮಿಂಟನ್ನಿನಲ್ಲಿ ಒಬ್ಬರು 11 ಅಂಕ ಮುಟ್ಟಿದ ಕೂಡಲೇ 60 ಸೆಕೆಂಡಿನ ವಿರಾಮ ಸಿಗುತ್ತದೆ; ಮೂರನೇ ಗೇಮಾದರೆ ಅದೇ ಹೊತ್ತಿಗೆ ಇಬ್ಬರೂ ಅಂಕಣದ ಕಡೆಯನ್ನೂ ಬದಲಾಯಿಸಬೇಕು. ಆಟ ನಡೆಯುವಾಗ, ಅಂದರೆ ಶಟಲು ಗಾಳಿಯಲ್ಲಿದ್ದಾಗ, ಕೋಚ್ ಬಾಯಿ ಬಿಡುವಂತಿಲ್ಲ. ಆದ್ದರಿಂದ ಆ ಅರವತ್ತು ಸೆಕೆಂಡಿನ ಬೆಲೆ ದೊಡ್ಡದು. ಅದರಲ್ಲೂ ನೀರು ಕುಡಿದು ಬೆವರು ಒರೆಸಿಕೊಳ್ಳುವ ಹೊತ್ತನ್ನು ಕಳೆದರೆ ಉಳಿಯುವುದು ಒಂದೆರಡು ವಾಕ್ಯ ಕೇಳುವಷ್ಟು ಸಮಯ.

ಆ ಒಳಾಂಗಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಳಿ ಎಳೆಯುತ್ತಿತ್ತು. ಗರಿಯ ಶಟಲಿಗೆ ಅಷ್ಟು ಗಾಳಿಯೂ ಸಾಕು. ಗಾಳಿ ಬೆನ್ನ ಹಿಂದಿದ್ದರೆ, ಎದುರಾಳಿಯ ಹಿಂದಿನ ಗೆರೆಗೆಂದು ಎತ್ತಿದ ಟಾಸ್ ಗೆರೆ ದಾಟಿ ಬೀಳುತ್ತದೆ. ಗಾಳಿ ಎದುರಿಗಿದ್ದರೆ ಎಷ್ಟು ಜೋರಾಗಿ ಎತ್ತಿದರೂ ಒಳಗೇ ಇಳಿಯುತ್ತದೆ. ನಮ್ಮ ಹುಡುಗಿ ಮೊದಲ ಗೇಮನ್ನು ಗಾಳಿ ಬೆನ್ನಿಗಿದ್ದ ಕಡೆಯಿಂದ ಆಡಿ ಸೋತಳು. ಎರಡನೆಯದನ್ನು ಎದುರುಗಾಳಿಯ ಕಡೆಯಿಂದ ಆಡಿ ಗೆದ್ದಳು. ಮೂರನೆಯದಕ್ಕೆ ಮತ್ತೆ ಬೆನ್ನುಗಾಳಿಯ ಕಡೆಗೆ ಬಂದಳು, ಟಾಸುಗಳು ಹೊರಗೆ ಬೀಳತೊಡಗಿದವು, ಹೆದರಿ ಕೈ ಬಿಗಿಹಿಡಿದು ಅರ್ಧಕ್ಕೇ ನಿಲ್ಲಿಸುವ ಹೊಡೆತ ಶುರುವಾಯಿತು, 7–11 ಆಯಿತು. ವಿರಾಮದಲ್ಲಿ ಅವಳ ಸರ್ ಹೇಳಿದ್ದು ಇಷ್ಟೇ: ‘ಈಗ ಆ ಕಡೆ ಹೋಗ್ತೀಯ. ಹೆದರಬೇಡ, ಪೂರ್ತಿ ಹೊಡಿ.’ ಅಲ್ಲಿಂದ ಮುಂದೆ ಅವಳು 14 ಅಂಕ ಗಳಿಸಿದಳು, 7 ಬಿಟ್ಟುಕೊಟ್ಟಳು.

ಈ ತಿರುವಿನಲ್ಲಿ ಯಾರ ಪಾಲು ಎಷ್ಟು? ಗಾಳಿಯ ಪಾಲು ದೊಡ್ಡದೇ ಇದೆ. ಕಡೆ ಬದಲಾದದ್ದು ನಿಯಮದಿಂದ, ಕೋಚ್‌ನಿಂದ ಅಲ್ಲ. ಹುಡುಗಿ ಎರಡನೇ ಗೇಮನ್ನು ಅದೇ ಕಡೆಯಿಂದ ಗೆದ್ದಿದ್ದಳು, ಹಾಗಾಗಿ ದಾರಿ ಅವಳಿಗೆ ಗೊತ್ತಿರಲಿಲ್ಲ ಎಂದೇನಿಲ್ಲ. ಆದರೂ ಕೋಚ್‌ನ ಪಾಲು ಚಿಕ್ಕದು ಎಂದು ನಾನು ಹೇಳುವುದಿಲ್ಲ. ಸಾಲಾಗಿ ನಾಲ್ಕು ಟಾಸು ಹೊರಗೆ ಹೋದ ಮೇಲೆ ಹದಿನಾಲ್ಕರ ಮಗುವಿನ ಕೈಗೆ ಹಿಡಿಯುವ ಹೆದರಿಕೆ, ಕಡೆ ಬದಲಾದ ಮಾತ್ರಕ್ಕೆ ಬಿಡುವುದಿಲ್ಲ. ಎದುರುಗಾಳಿಯಲ್ಲೂ ಅದೇ ಅರ್ಧ ಹೊಡೆತ ಹೊಡೆದಿದ್ದರೆ ಶಟಲು ಅಂಕಣದ ನಡುವೆಯೇ ಇಳಿದು ಎದುರಾಳಿಗೆ ಸ್ಮ್ಯಾಷ್ ಹೊಡೆಯಲು ಸಿಗುತ್ತಿತ್ತು. ಆ ಹೆದರಿಕೆಯನ್ನು ಅವರು ದೂರದಿಂದ ಗುರುತಿಸಿದರು. ಬೇರೆ ಹತ್ತು ಸಲಹೆ ತುಂಬದೆ, ಅವಳಿಗೆ ಆಗ ಬೇಕಾಗಿದ್ದುದನ್ನು ಮಾತ್ರ ಹೇಳಿದರು. ಅದು ಪಳಗಿದ ಕೋಚ್ ಮಾಡುವ ಕೆಲಸ, ಅದಕ್ಕೆ ಧನ್ಯವಾದ ಸಲ್ಲಲೇಬೇಕು. ‘ನೀವಿಲ್ಲದಿದ್ದರೆ ನಾನು ಏನೂ ಅಲ್ಲ’ ಎಂಬ ಸಾಲು ಮಾತ್ರ ಈ ಕೆಲಸವನ್ನು ತೋರಿಸುವುದೇ ಇಲ್ಲ. ಅದು ಯಾವ ಕೋಚ್‌ಗಾದರೂ, ಯಾವ ಆಟಕ್ಕಾದರೂ ಹೊಂದುತ್ತದೆ. ಜೊತೆಗೆ ಹುಡುಗಿಯ ಆ ಹದಿನಾಲ್ಕು ಅಂಕಗಳನ್ನು ಅವಳ ಕೈಯಿಂದಲೇ ಕಸಿಯುತ್ತದೆ.

‘ಪ್ರತಿ ಪಾಯಿಂಟಿನಲ್ಲೂ ಜೊತೆ ನಿಂತ’ ಎಂಬುದು ನಡೆದ ಸಂಗತಿಯಾಗಿಯೂ ಸರಿಯಲ್ಲ. ಜಿಲ್ಲಾ ಟೂರ್ನಿಗಳಲ್ಲಿ ನಾಲ್ಕೈದು ಅಂಕಣಗಳಲ್ಲಿ ಏಕಕಾಲಕ್ಕೆ ಪಂದ್ಯಗಳು ನಡೆಯುತ್ತವೆ. ಒಬ್ಬ ಕೋಚ್‌ನ ಮೂವರು ಮಕ್ಕಳು ಮೂರು ಅಂಕಣಗಳಲ್ಲಿ ಆಡುತ್ತಿರುತ್ತಾರೆ. ಇವಳ ಸೆಮಿಫೈನಲ್ ಹೊತ್ತಿಗೆ ಅವರು ಬೇರೊಬ್ಬ ಹುಡುಗನ ಪಂದ್ಯದ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು; ಇವಳು 14–21, 16–21ರಿಂದ ಸೋತಳು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಆ ದಿನ ಅಲ್ಲಿದ್ದವರೆಲ್ಲ ಅದನ್ನು ನೋಡಿದ್ದಾರೆ. ಫೋಟೊದ ಕೆಳಗೆ ‘ಪ್ರತಿ ಪಾಯಿಂಟಿನಲ್ಲೂ’ ಎಂದು ಓದಿದಾಗ ಕೋಚ್‌ಗೇ ಮುಜುಗರ. ಹೊಗಳಿಕೆ ಅತಿಯಾಯಿತೇ ಎಂದು ತಿಳಿಯಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಆ ದಿನ ಅಂಕಣದ ಪಕ್ಕ ಇದ್ದ ಇನ್ನೊಬ್ಬ ಕೋಚ್ ಓದಿದರೆ ಹೌದು ಎನ್ನುತ್ತಾರೆಯೇ?

ಇನ್ನೊಂದು ಸೂಕ್ಷ್ಮ, ಇದು ಅಕಾಡೆಮಿಗಳ ಒಳಗಿನ ಸಂಗತಿ. ಬೋರ್ಡಿನ ಮೇಲೆ ಹೆಸರಿರುವವರು ಮುಖ್ಯ ಕೋಚ್. ಫೋಟೊ ಅವರ ಜೊತೆಗೇ. ಆದರೆ ಬೆಳಗಿನ ಬ್ಯಾಚಿನಲ್ಲಿ ನೆಟ್ಟಿನ ಆಚೆ ಡಬ್ಬದ ಪಕ್ಕ ನಿಂತು ನೂರಾರು ಶಟಲು ಎಸೆದುಕೊಡುವವರು ಬಹಳ ಕಡೆ ಸಹಾಯಕ ಕೋಚ್, ಇಪ್ಪತ್ತು ಇಪ್ಪತ್ತೆರಡರ ಹುಡುಗರು. ಮಕ್ಕಳು ಅವರನ್ನು ‘ಅಣ್ಣ’ ಎನ್ನುತ್ತಾರೆ. ಹಿಂದಿನ ಮೂಲೆಗೆ ಓಡಿ, ಹೊಡೆದು, ಮತ್ತೆ ನಡುವಿಗೆ ಮರಳುವ ಪಾದಚಲನೆ ಕೂತದ್ದು ಅವರ ಕೈಯಲ್ಲಿ. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವ ಹೊಗಳಿಕೆ ಇವರನ್ನು ಅಳಿಸಿಬಿಡುತ್ತದೆ. ಅದು ಬೇಕೆಂದು ಮಾಡಿದ್ದಲ್ಲ, ಆದರೂ ಆ ಅಣ್ಣನಿಗೆ ಅದು ಕಾಣುತ್ತದೆ.

ಹೊಗಳಿಕೆ ಒಬ್ಬರಿಗೇ ಅಂಟಿಕೊಂಡರೆ ಮುಂದೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಆಟಗಾರರ ಬದುಕನ್ನು ನೋಡಬಹುದು. ಪಿ. ವಿ. ಸಿಂಧು 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದಾಗ ಪಕ್ಕದಲ್ಲಿದ್ದವರು ಪುಲ್ಲೇಲ ಗೋಪಿಚಂದ್. 2019ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರ ಜೊತೆ ಕೆಲಸ ಮಾಡುತ್ತಿದ್ದವರು ಕೊರಿಯಾದ ಕಿಮ್ ಜಿ ಹ್ಯುನ್. ಟೋಕಿಯೊದಲ್ಲಿ ಕಂಚು ಬಂದಾಗ ಕೋಚ್ ಆಗಿದ್ದವರು ಪಾರ್ಕ್ ಟೇ ಸಾಂಗ್. ಒಂದೊಂದು ಪದಕದ ಪಕ್ಕ ಒಬ್ಬೊಬ್ಬರು. ಆಟದಲ್ಲಿ ಇದು ಸಹಜ. ವಯಸ್ಸಿಗೆ, ಮಟ್ಟಕ್ಕೆ, ಊರಿಗೆ ತಕ್ಕಂತೆ ಕೋಚ್ ಬದಲಾಗುತ್ತಾರೆ. ಜಿಲ್ಲೆಯಲ್ಲಿ ಚೆನ್ನಾಗಿ ಆಡುವ ಮಗು ನಾಳೆ ಬೆಂಗಳೂರಿನ ಅಕಾಡೆಮಿಗೆ ಹೋಗಬಹುದು. ಆ ಟೂರ್ನಿಗೆ, ಆ ಕೆಲಸಕ್ಕೆ ಕಟ್ಟಿದ ಧನ್ಯವಾದವಾದರೆ ಹತ್ತು ವರ್ಷದ ಮೇಲೂ ನಿಜವಾಗಿಯೇ ಇರುತ್ತದೆ. ‘ನೀವಿಲ್ಲದಿದ್ದರೆ ನಾನಿಲ್ಲ’ ಎಂದು ಬರೆದ ಮಗುವಿಗೆ ಮಾತ್ರ ಅಕಾಡೆಮಿ ಬದಲಿಸುವ ದಿನ ಹಳೆಯ ಫೋಟೊ ದ್ರೋಹದ ಸಾಕ್ಷಿಯ ಹಾಗೆ ಕಾಣುತ್ತದೆ.

‘ಎರಡನೇ ತಂದೆ’ ಎಂಬ ಮಾತಿನ ಬಗ್ಗೆ ನನಗೆ ಇರುವ ಅಳುಕು ಇನ್ನೂ ಆಳವಾದದ್ದು. ಕೋಚ್ ಒಳ್ಳೆಯವರೇ ಇರಬಹುದು, ಬಹಳ ಮಂದಿ ಒಳ್ಳೆಯವರೇ. ಆದರೂ ಮೊಣಕಾಲು ನೋಯುತ್ತಿದೆ, ಇವತ್ತು ಜಿಗಿಯಲಾರೆ ಎಂದು ಹೇಳುವ ಧೈರ್ಯ ಮಗುವಿಗೆ ಇರಬೇಕು. ಯಾರಾದರೂ ಗದರಿದ್ದು, ಮುಟ್ಟಿದ್ದು ಸರಿಯಿಲ್ಲ ಎನಿಸಿದರೆ ಮನೆಗೆ ಬಂದು ಹೇಳುವ ದಾರಿ ತೆರೆದಿರಬೇಕು. ಎಲ್ಲರ ಮುಂದೆ ಒಬ್ಬರನ್ನು ತಂದೆಯ ಜಾಗದಲ್ಲಿ ಕೂರಿಸಿದ ಮೇಲೆ ಅವರ ವಿರುದ್ಧ ಒಂದು ಮಾತಾಡುವುದು ಮಗುವಿಗೆ ಕಷ್ಟ. ಕೇಳಿಸಿಕೊಳ್ಳುವವರಿಗೂ ನಂಬುವುದು ಕಷ್ಟ. ಹುಡುಗಿಯ ಅಕ್ಕರೆಗೆ ಎಷ್ಟೇ ಬೆಲೆ ಕೊಟ್ಟರೂ ಈ ಒಂದು ಮಾತನ್ನು ತೆಗೆದುಬಿಡು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ‘ದ್ರೋಣಾಚಾರ್ಯ’ದ ಬಗ್ಗೆ ಅಷ್ಟು ಹಟವಿಲ್ಲ. ಅದು ಕೇಂದ್ರ ಸರ್ಕಾರ 1985ರಿಂದ ಕೋಚ್‌ಗಳಿಗೆ ಕೊಡುತ್ತಿರುವ ಪ್ರಶಸ್ತಿಯ ಹೆಸರು. ಅದನ್ನು ಪಡೆಯದವರಿಗೆ ಅಂಟಿಸಿದರೆ ಓದುವವರಿಗೆ ಗೊಂದಲವಾದೀತು, ಅಷ್ಟೆ.

ಇಷ್ಟಾದರೂ ಕೋಚ್‌ನ ಪಾಲು ಅಳೆದು ತೂಗಿ ಕೊಡುವ ಲೆಕ್ಕವೇ ಸರಿ ಎಂದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. 2024ರ ಆಗಸ್ಟಿನಲ್ಲಿ ಪ್ಯಾರಿಸಿನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯವನ್ನು ಮೊದಲ ಗೇಮ್ ಗೆದ್ದೂ ಕಳೆದುಕೊಂಡಾಗ ನಡೆದ ಮಾತುಕತೆ ನೆನಪಾಗುತ್ತದೆ. ತಂಡದ ಮಾರ್ಗದರ್ಶಕರಾಗಿದ್ದ ಪ್ರಕಾಶ್ ಪಡುಕೋಣೆ, ಸೌಲಭ್ಯಗಳೆಲ್ಲ ಸಿಕ್ಕ ಮೇಲೆ ಆಟಗಾರರೂ ಹೊಣೆ ಹೊರಬೇಕು ಎಂದರು. ಅಶ್ವಿನಿ ಪೊನ್ನಪ್ಪ ಅದಕ್ಕೆ ಬೇಸರದಿಂದಲೇ ಉತ್ತರಿಸಿದರು: ಗೆದ್ದಾಗ ಕೀರ್ತಿಗೆ ಎಲ್ಲರೂ ಬರುತ್ತಾರೆ, ಸೋತಾಗ ತಪ್ಪು ಆಟಗಾರನದು ಮಾತ್ರವೇ ಎಂಬುದು ಅವರ ಪ್ರಶ್ನೆಯ ಸಾರ. ಒಬ್ಬರು 1980ರ ಆಲ್ ಇಂಗ್ಲೆಂಡ್ ಚಾಂಪಿಯನ್, ಇನ್ನೊಬ್ಬರು ವರ್ಷಗಟ್ಟಲೆ ದೇಶಕ್ಕಾಗಿ ಡಬಲ್ಸ್ ಆಡಿದವರು. ಇಬ್ಬರ ಮಾತಿಗೂ ಅನುಭವದ ಬೆಂಬಲವಿದೆ. ಅಂಥವರಿಗೇ ಪಾಲು ಹಂಚುವುದು ಒಗಟಾಗಿರುವಾಗ, ಹದಿನಾಲ್ಕರ ಹುಡುಗಿ ಫೋಟೊ ಕೆಳಗೆ ಕರಾರುವಾಕ್ಕಾಗಿ ಹಂಚಬೇಕೆಂದು ಕೇಳುವುದು ಅನ್ಯಾಯ. ಅವಳಿಂದ ನಾನು ಕೇಳುವುದು ಒಂದೇ: ಗೆಲುವಿಗೆ ಕೋಚ್ ಕಾರಣ ಎಂದು ಬರೆಯುವವಳು ಸೋಲಿಗೂ ಅವರೇ ಕಾರಣ ಎಂದು ಬರೆಯಲು ತಯಾರಿದ್ದಾಳೆಯೇ? ಇಲ್ಲವಾದರೆ ಮೊದಲನೆಯದನ್ನೂ ಸ್ವಲ್ಪ ಇಳಿಸಲಿ.

ಭಾವ ತುಂಬಿಯೂ ಅತಿಯಾಗದ ಧನ್ಯವಾದಕ್ಕೆ ನಾನು ಯಾವಾಗಲೂ ನೆನೆಯುವುದು 2013ರ ನವೆಂಬರಿನಲ್ಲಿ ವಾಂಖೆಡೆಯಲ್ಲಿ ಸಚಿನ್ ತೆಂಡೂಲ್ಕರ್ ಆಡಿದ ವಿದಾಯದ ಮಾತು. ರಮಾಕಾಂತ್ ಅಚ್ರೇಕರ್ ಬಗ್ಗೆ ಅವರು ವಿಶೇಷಣಗಳನ್ನು ಪೇರಿಸಲಿಲ್ಲ. ಸರ್ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿವಾಜಿ ಪಾರ್ಕಿನಿಂದ ಆಜಾದ್ ಮೈದಾನದ ತನಕ ಒಯ್ದು ಒಂದೇ ದಿನ ಎರಡು ಪಂದ್ಯ ಆಡಿಸುತ್ತಿದ್ದುದನ್ನು ಹೇಳಿದರು. ತಾನು ಮೈಮರೆತೇನು ಎಂದು ಅವರು ಒಂದು ದಿನವೂ ಚೆನ್ನಾಗಿ ಆಡಿದೆ ಎನ್ನಲಿಲ್ಲ ಎಂಬುದನ್ನೂ ಹೇಳಿದರು. ಕೇಳಿದವರಿಗೆ ಆ ಗುರುವಿನ ಸ್ವಭಾವ ಕಣ್ಣಿಗೆ ಕಟ್ಟಿತು. ಅಲ್ಲಿ ಭಕ್ತಿ ಕಮ್ಮಿ ಇರಲಿಲ್ಲ. ಆ ಭಕ್ತಿಗೆ ಸ್ಕೂಟರು, ಮೈದಾನ, ಎರಡು ಪಂದ್ಯ ಎಂಬ ಆಧಾರ ಇತ್ತು.

ಹಾಗಾಗಿ ಅಕ್ಕನ ಮಗಳನ್ನು ಕೂರಿಸಿಕೊಂಡು ಕೇಳಿದೆ, ‘ಸರ್ ಈ ಟೂರ್ನಿಯಲ್ಲಿ ಮಾಡಿದ್ದರಲ್ಲಿ ನಿಂಗೆ ನೆನಪಿರೋದು ಒಂದು ಹೇಳು.’ ತಡಮಾಡದೆ ಅವಳು ‘ಪೂರ್ತಿ ಹೊಡಿ ಅಂದ್ರಲ್ಲ ಚಿಕ್ಕಮ್ಮ, ಅದು’ ಎಂದಳು. ಬರೆಯಬೇಕಾದದ್ದು ಅಲ್ಲೇ ಸಿಕ್ಕಿತು. ಕೊನೆಗೆ ನಿಂತ ಸಾಲುಗಳು ಇವು:

‘ಕ್ವಾರ್ಟರ್ ಫೈನಲ್, ಮೂರನೇ ಗೇಮ್, 7–11. “ಹೆದರಬೇಡ, ಪೂರ್ತಿ ಹೊಡಿ” ಅಂದ್ರು ಸರ್. ಹೊಡೆದೆ, ಗೆದ್ದೆ. ಥ್ಯಾಂಕ್ಯೂ ಸರ್, ಆ ಮಾತು ಮರೆಯಲ್ಲ. ದಿನಾ ಬೆಳಗ್ಗೆ ಶಟಲ್ ಎಸೆದುಕೊಟ್ಟ ಅಣ್ಣನಿಗೂ ಥ್ಯಾಂಕ್ಸ್. ಸೆಮಿಫೈನಲ್ ಸೋತೆ, ನೆಟ್ ಹತ್ತಿರದ ಆಟ ಇನ್ನೂ ಕಲಿಯೋದಿದೆ.’

ಇದರಲ್ಲಿ ನಾವು ಜಗ್ಗಾಡಿದ ಜಾಗಗಳಿವೆ. ‘ಆ ಮಾತು ಮರೆಯಲ್ಲ’ ಎಂಬುದನ್ನು ಅವಳ ಅಣ್ಣ ಬೇಡವೆಂದ, ನಾನು ಇರಲಿ ಎಂದೆ. ಉಳಿದದ್ದೆಲ್ಲ ನಡೆದದ್ದರ ವರದಿ. ಅವಳ ಅಕ್ಕರೆ ಬಾಯಿಬಿಟ್ಟು ಹೇಳುವ ಮಾತು ಅದೊಂದೇ, ಅದು ಹೋದರೆ ಸಾಲುಗಳು ಒಣಗುತ್ತವೆ. ಕೊನೆಯ ವಾಕ್ಯ ಅಕ್ಕನಿಗೆ ಹಿಡಿಸಲಿಲ್ಲ. ಸೋತದ್ದನ್ನು ಊರಿಗೆಲ್ಲ ಯಾಕೆ ಹೇಳಬೇಕು, ಕೋಚ್ ಸರಿಯಾಗಿ ಕಲಿಸಿಲ್ಲ ಎಂದು ಓದುವವರು ತಿಳಿದಾರು ಎಂಬುದು ಅವಳ ಆತಂಕ. ಅದರಲ್ಲಿ ಹುರುಳಿದೆ. ‘ನೆಟ್ ಹತ್ತಿರದ ಆಟ ಕಲಿಸಿಲ್ಲ’ ಎಂದಿದ್ದರೆ ಹಾಗೇ ಆಗುತ್ತಿತ್ತು. ‘ಕಲಿಯೋದಿದೆ’ ಎಂದಾಗ ಹೊಣೆ ಅವಳ ಮೇಲೆ ಉಳಿಯಿತು, ಸರ್ ಬಳಿ ಇನ್ನೂ ಕೆಲಸವಿದೆ ಎಂಬುದೂ ಬಂತು. ಹುಡುಗಿ ಅದನ್ನು ಇಟ್ಟುಕೊಂಡಳು.

ಕ್ರಮದ ಬಗ್ಗೆ ಒಂದು ಮಾತು. ಇನ್‌ಸ್ಟಾಗ್ರಾಂನಲ್ಲಿ ಮೊದಲ ಒಂದೆರಡು ಸಾಲು ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಬಹಳ ಮಂದಿ ಒತ್ತುವುದಿಲ್ಲ. ಹಾಗಾಗಿ ಕೋಚ್‌ನ ಮಾತು ಮೊದಲ ಸಾಲಿನಲ್ಲೇ ಬರಬೇಕು. ಟೂರ್ನಿಯ ವಿವರದಿಂದ ಶುರುಮಾಡಿ ಧನ್ಯವಾದವನ್ನು ಕೊನೆಗೆ ತಳ್ಳಿದರೆ ಅದು ಓದುವವರಿಗೆ ತಲುಪುವುದೇ ಇಲ್ಲ. ಮಗುವಿನ ಫೋಟೊ ಆದ್ದರಿಂದ ಯಾವ ಹೊತ್ತಿಗೆ ಎಲ್ಲಿ ಅಭ್ಯಾಸ ಎಂಬುದನ್ನು ಬರೆಯದಿರುವುದು ಒಳ್ಳೆಯದು. ಹಾಕುವ ಮುಂಚೆ ಸರ್‌ಗೂ ಆ ಅಣ್ಣನಿಗೂ ಒಮ್ಮೆ ತೋರಿಸುವುದೂ ಒಳ್ಳೆಯದು. ತಾವು ಆಡಿದ ಮಾತು ಎಲ್ಲರ ಮುಂದೆ ಬರುವುದು ಕೆಲವರಿಗೆ ಇಷ್ಟವಾಗದು.

ಅವಳ ಮೊದಲ ಸಾಲುಗಳನ್ನು ನಾನು ಅಳಿಸಿಹಾಕು ಎನ್ನಲಿಲ್ಲ. ‘ಎರಡನೇ ತಂದೆ’ಯನ್ನು ಬಿಟ್ಟು, ‘ನಿಮ್ಮನ್ನು ಕಂಡರೆ ನನಗೆ ತುಂಬಾ ಗೌರವ’ ಎಂಬರ್ಥದ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಕೈಯಾರೆ ಬರೆದು ಸರ್‌ಗೆ ಕೊಡು ಎಂದೆ. ಊರಿನ ಮುಂದೆ ಅತಿ ಎನಿಸುವ ಮಾತು ಇಬ್ಬರ ನಡುವೆ ಅತಿಯಾಗಬೇಕಿಲ್ಲ. ಅಲ್ಲಿ ಹೋಲಿಕೆ ಮಾಡುವವರಿಲ್ಲ, ಪಕ್ಕದ ಮಗುವಿಗೆ ನೋವಿಲ್ಲ. ಐದನೇ ತರಗತಿಯಲ್ಲಿ ಅವಳ ಕೈಗೆ ಮೊದಲು ರ‍್ಯಾಕೆಟ್ ಕೊಟ್ಟ ಶಾಲೆಯ ಪಿ.ಟಿ. ಮೇಷ್ಟ್ರ ಹೆಸರು ಫೋಟೊ ಕೆಳಗೆ ಬರಲಿಲ್ಲ. ಈ ಟೂರ್ನಿಯಲ್ಲಿ ಅವರ ಕೆಲಸವಿರಲಿಲ್ಲ, ಸೇರಿಸಿದ್ದರೆ ಪಟ್ಟಿ ಬೆಳೆಯುತ್ತಿತ್ತು. ಅವರು ಇನ್‌ಸ್ಟಾಗ್ರಾಂ ನೋಡುವವರೂ ಅಲ್ಲ. ಭಾನುವಾರ ಸರ್ಟಿಫಿಕೇಟು ಹಿಡಿದುಕೊಂಡು ಅವರ ಮನೆಗೇ ಹೋಗಿ ಬರುವುದೆಂದು ಅಕ್ಕ ತೀರ್ಮಾನ ಮಾಡಿದಳು.